ಭಾರ ಇಳಿಸುವ ಹೊತ್ತು

ನಮ್ಮ ಕಾಲದಲ್ಲಿ ‘ಪನ್ನೀರು’ ಎಂದರೆ ಒಂದೇ ಅರ್ಥ. ಮದುವೆ ಮನೆಯ ಬಾಗಿಲಲ್ಲಿ ಬೆಳ್ಳಿಯ ಪನ್ನೀರುದಾನಿ ಹಿಡಿದು ನಿಂತವರು ಬಂದವರ ಮೇಲೆಲ್ಲ ಚಿಮುಕಿಸುತ್ತಿದ್ದ ಗುಲಾಬಿ ನೀರು. ಕಳೆದ ದಸರಾ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು “ತಾತ, ನೀವು ಮನೇಲೇ ಪನೀರ್ ಮಾಡ್ತೀರಂತೆ!” ಎಂದು ಕಣ್ಣರಳಿಸಿದಾಗ ನನಗೆ ಮೊದಲು ನೆನಪಾದದ್ದು ಆ ಪನ್ನೀರುದಾನಿಯೇ. ಇನ್ನು ಹಾಲು ಒಡೆಸುವುದಂತೂ ನಮ್ಮಮ್ಮನ ಲೆಕ್ಕದಲ್ಲಿ ಅಪಶಕುನ. ತಾನಾಗಿ ಒಡೆದರೆ ಬೆಲ್ಲ ಹಾಕಿ ಮಗುಚಿ ನಮ್ಮ ಕೈಗೆ ಕೊಡುತ್ತಿದ್ದರೇ ಹೊರತು, ಚೆನ್ನಾಗಿರುವ ಹಾಲಿಗೆ ಬೇಕೆಂದೇ ಹುಳಿ ಹಿಂಡುವವರನ್ನು ನಾನು ಕಂಡಿರಲಿಲ್ಲ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು, ಎಪ್ಪತ್ತು ದಾಟಿದ ಮೇಲೆ, ಆ ಕೆಲಸವನ್ನು ನಾನೇ ಮಾಡುವಂತಾಯಿತು.

ಕಾರಣ ನಮ್ಮ ಮನೆಯವರ ಹಲ್ಲು. ಆಷಾಢದಲ್ಲಿ ಅವರ ಕೆಳಸಾಲಿನ ಹಲ್ಲುಗಳನ್ನೆಲ್ಲ ತೆಗೆಸಬೇಕಾಯಿತು. ಕಟ್ಟಿಸಿದ ಹಲ್ಲು ಒಸಡಿಗೆ ಒತ್ತುತ್ತದೆಂದು ಊಟಕ್ಕೆ ಕೂತಾಗಲೇ ತೆಗೆದಿಡುತ್ತಿದ್ದರು. ಎರಡು ತಿಂಗಳಲ್ಲಿ 54 ಕಿಲೋ ಇದ್ದವರು 49ಕ್ಕೆ ಇಳಿದರು. “ಮೆತ್ತಗಿರೋದು, ಆದರೆ ಸತ್ವ ಇರೋದು ಏನಾದರೂ ಕೊಡಿ. ಬರೀ ಗಂಜಿ ಸಾಲದು” ಎಂದರು ಡಾಕ್ಟರು. ನಮ್ಮದು ಮೊಟ್ಟೆ ತಿನ್ನದ ಮನೆ. ಬೇಳೆಕಟ್ಟು ಕುಡಿದು ಕುಡಿದು ಅವರಿಗೆ ಬೇಸರ ಬಂದಿತ್ತು. ಸೊಸೆ ಫೋನಿನಲ್ಲಿ ಪನೀರಿನ ದಾರಿ ತೋರಿಸಿದಳು. ಹಾಲು ಒಡೆಸುವುದು, ಸೋಸುವುದು, ಭಾರ ಇಡುವುದು, ಇಷ್ಟೇ. ಭಾರವನ್ನು ಎಷ್ಟು ಹೊತ್ತು ಇಡಬೇಕೆಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮೊದಲ ಸಲ ಮಧ್ಯಾಹ್ನ ಒಂದು ಗಂಟೆಗೆ ಬಟ್ಟೆಯ ಗಂಟಿನ ಮೇಲೆ ರುಬ್ಬುವ ಕಲ್ಲಿನ ಗುಂಡನ್ನೇ ಕೂರಿಸಿದೆ. ಹೆಚ್ಚು ಹೊತ್ತು ಇಟ್ಟಷ್ಟೂ ಒಳ್ಳೆಯದು ಎಂದು ನನ್ನ ಎಣಿಕೆ, ಠೇವಣಿ ಇಟ್ಟ ಹಾಗೆ. ತೆಗೆದಾಗ ಸಂಜೆ ಏಳು. ಅದನ್ನು ಕತ್ತರಿಸಿ, ಪಾಲಕ್ ಗ್ರೇವಿಗೆ ಹಾಕಿ, ಇಪ್ಪತ್ತು ನಿಮಿಷ ಕುದಿಸಿದೆ. ಊಟಕ್ಕೆ ಕೂತ ಅವರು ಒಂದು ತುಂಡನ್ನು ಬಾಯಲ್ಲಿ ಈ ದವಡೆಯಿಂದ ಆ ದವಡೆಗೆ ಹೊರಳಿಸಿದರು. ಏನೂ ಹೇಳಲಿಲ್ಲ. ನಾನು ನೀರು ತರಲು ಎದ್ದಾಗ ತುಂಡುಗಳನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿಟ್ಟು, ಸೊಪ್ಪಿನ ರಸದಲ್ಲಿ ಅನ್ನ ಕಲಸಿ ಉಂಡರು. ಆಮೇಲೆ ನಾನೊಂದು ತುಂಡು ಬಾಯಿಗೆ ಹಾಕಿಕೊಂಡೆ. ಪೆನ್ಸಿಲ್ ಗುರುತು ಅಳಿಸುವ ರಬ್ಬರ್ ಜಗಿದಂತಿತ್ತು. ಆರು ಗಂಟೆ ಹೊರಗೇ ಇದ್ದುದರಿಂದ ಸ್ವಲ್ಪ ಹುಳಿಯೂ ಹತ್ತಿತ್ತು.

ಆ ತಟ್ಟೆಯ ಅಂಚು ನನ್ನನ್ನು ಬಹಳ ದಿನ ಕಾಡಿತು. ಐವತ್ತು ವರ್ಷ ನಮಗೆಲ್ಲ ಹದ ನೋಡಿ ಬಡಿಸಿದವರು ಅವರು.

ಎರಡನೆಯ ತಪ್ಪು ಇದಕ್ಕೆ ತದ್ವಿರುದ್ಧ. ರಜೆಯಲ್ಲೇ ಬಂದ ಹುಟ್ಟುಹಬ್ಬಕ್ಕೆ ಮೊಮ್ಮಗಳು ಮಹಡಿಯ ಮೇಲೆ ಕೆಂಡ ಮಾಡಿ ಪನೀರ್ ಟಿಕ್ಕಾ ಸುಡುವುದಾಗಿ ಪಕ್ಕದ ಮನೆಯ ಮಕ್ಕಳಿಗೆಲ್ಲ ಹೇಳಿಬಿಟ್ಟಿದ್ದಳು. ಮೂರು ದಿನ ಮುಂಚೆ ಒಂದು ಪರೀಕ್ಷೆ ಮಾಡೋಣವೆಂದೆ. ರಬ್ಬರಿನ ಭಯ ಇನ್ನೂ ಹೋಗಿರಲಿಲ್ಲ. ಸಣ್ಣ ತಂಬಿಗೆಯೊಂದನ್ನು ಹದಿನೈದೇ ನಿಮಿಷ ಹೇರಿ ತೆಗೆದೆ. ಬೆಣ್ಣೆಯಂಥ ಪನೀರ್! ಅದಕ್ಕೆ ಮೊಸರು, ಮಸಾಲೆ ಸವರಿ ಕಂಬಿಗೆ ಚುಚ್ಚಿದಳು. ಎರಡು ತುಂಡು ಚುಚ್ಚುವಾಗಲೇ ಸೀಳಿದವು. ಉಳಿದವನ್ನು ಕೆಂಡದ ಮೇಲೆ ಇಟ್ಟರೆ ಸುಯ್ ಎಂದು ನೀರು ಬಿಟ್ಟುಕೊಂಡವು, ಬಣ್ಣ ಮಾತ್ರ ಬರಲಿಲ್ಲ. ಕಂಬಿ ತಿರುಗಿಸಿದಳು, ಕಂಬಿ ಮಾತ್ರ ತಿರುಗಿತು. ಪನೀರ್ ತುಂಡುತುಂಡಾಗಿ ಕೆಂಡಕ್ಕೆ ಉದುರಿತು.

“ತಾತ, ಇದು ಕಂಬೀಲಿ ನಿಲ್ತಾನೇ ಇಲ್ಲ!” ಎಂದು ಅವಳು ಅಳುವುದೊಂದು ಬಾಕಿ.

ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಮನೆಯವರು ಕಂಬಿಗೆ ಅಂಟಿಕೊಂಡು ಉಳಿದಿದ್ದ ಒಂದು ಚೂರನ್ನು ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡರು. “ಏನ್ರೀ, ನನಗೆ ಇದು ಕೊಡಬೇಕಿತ್ತು, ಅವಳಿಗೆ ಅವತ್ತಿಂದು ಕೊಡಬೇಕಿತ್ತು. ಬಿಸಿಬೇಳೆಬಾತಿಗೆ ಅನ್ನ ಮುದ್ದೆ ಮಾಡ್ತೀವಿ, ಚಿತ್ರಾನ್ನಕ್ಕೆ ಉದುರು ಉದುರಾಗಿ ಮಾಡ್ತೀವಿ. ಅಕ್ಕಿ ಒಂದೇ ಅಲ್ವಾ?” ಎಂದರು.

ಎರಡು ಸಲವೂ ಪನೀರ್ ಕೆಟ್ಟಿರಲಿಲ್ಲ. ಹೋಗಬೇಕಾದ ತಟ್ಟೆಗೆ ಹೋಗಿರಲಿಲ್ಲ, ಅಷ್ಟೇ. ಮಾರನೆಯ ದಿನ ಬೆಳಗ್ಗೆ ಹಳೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದು, ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ‘ಅಜ್ಜಿಯದು’, ಬಲಕ್ಕೆ ‘ಮೊಮ್ಮಗಳದು’. ಅಡುಗೆಮನೆಯ ತಕ್ಕಡಿ ಅವಳ ಕೈಗೆ ಕೊಟ್ಟೆ.

ಎರಡು ಲೀಟರ್ ಗಟ್ಟಿ ಹಾಲು, ಶೇಕಡಾ 6 ಕೊಬ್ಬಿನದು, ಕುದಿ ಬರಿಸಿ ಒಲೆ ಆರಿಸಿದೆವು. ನಾಲ್ಕೈದು ನಿಮಿಷ ಬಿಟ್ಟು, ನಾಲ್ಕು ದೊಡ್ಡ ಚಮಚ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಮೆಲ್ಲಗೆ ಕಲಕಿದೆವು. ಹಾಲು ಒಡೆದು, ತಿಳಿಹಸಿರು ಛಾಯೆಯ ಹಳದಿ ನೀರು ಬೇರೆಯಾದ ಕೂಡಲೇ ಹುಳಿ ನಿಲ್ಲಿಸಬೇಕು. ಆ ಮೇಲೂ ಹಿಂಡಿದರೆ ಕಾಳು ಗಡಸಾಗುತ್ತದೆ. ಅಂಥದ್ದನ್ನು ಎಷ್ಟು ಕಡಿಮೆ ಹೊತ್ತು ಒತ್ತಿದರೂ ಮೆತ್ತಗಾಗುವುದಿಲ್ಲ. ಒಡೆದ ಹಾಲನ್ನು ನನ್ನ ಹಳೆಯ ತೆಳು ಪಂಚೆಯ ತುಂಡುಗಳಲ್ಲಿ ಸರಿಸಮ ಎರಡು ಪಾಲು ಮಾಡಿ ಸೋಸಿದೆವು. ಹುಳಿವಾಸನೆ ಹೋಗಲೆಂದು ಮೇಲೊಂದು ಲೋಟ ನೀರು ಸುರಿದು, ಐದು ನಿಮಿಷ ತೂಗುಹಾಕಿದೆವು. ತಕ್ಕಡಿಗೆ ಇಟ್ಟರೆ ಒಂದೊಂದು ಪಾಲೂ 260 ಗ್ರಾಂ.

ಇಲ್ಲಿ ಒಂದು ಮಾತು. ಒತ್ತುವುದನ್ನು ಬಿಸಿ ಇರುವಾಗಲೇ ಶುರು ಮಾಡಬೇಕು. ಬಿಸಿಯಲ್ಲಿ ಕಾಳುಗಳು ಮೆದುವಾಗಿದ್ದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಹಳ ನೀರು ಸುರಿದು ಪೂರ್ತಿ ತಣ್ಣಗೆ ಮಾಡಿಬಿಟ್ಟರೆ, ಆಮೇಲೆ ಎಷ್ಟು ಭಾರ ಹೇರಿದರೂ ಒಳಗೆ ಬಿರುಕು ಉಳಿಯುತ್ತದೆ. ಕತ್ತರಿಸಿದರೆ ಪುಡಿಪುಡಿ.

ಅಜ್ಜಿಯ ಪಾಲನ್ನು ಬಟ್ಟೆಯಲ್ಲಿ ಲಕೋಟೆಯ ಹಾಗೆ ಮಡಿಸಿ, ಹತ್ತು ಸೆಂಟಿಮೀಟರ್ ಅಗಲದ ಚೌಕ ಮಾಡಿದೆವು. ಮೊಮ್ಮಗಳದನ್ನು ಎಂಟು ಸೆಂಟಿಮೀಟರಿನ ಚೌಕ, ಸ್ವಲ್ಪ ದಪ್ಪ. ಕಂಬಿಗೆ ಚುಚ್ಚಲು ದಪ್ಪ ಬೇಕಲ್ಲ? ದೊಡ್ಡ ತಟ್ಟೆಯಲ್ಲಿ ಕವುಚಿಟ್ಟ ಚಪ್ಪಟೆ ಬಟ್ಟಲುಗಳ ಮೇಲೆ ಅವನ್ನು ಕೂರಿಸಿ, ಪ್ರತಿಯೊಂದರ ಮೇಲೂ ಒಂದು ಮಣೆಯಿಟ್ಟೆವು.

“ತಾತ, ಒಂದೂವರೆ ಕಿಲೋ ಭಾರ ಅಂತ ಹೇಗೆ ಗೊತ್ತಾಗುತ್ತೆ? ಆ ಗುಂಡುಕಲ್ಲು ಎಷ್ಟಿದೆಯೋ ಏನೋ!”

ಗುಂಡುಕಲ್ಲಿಗೆ ಅವತ್ತೇ ರಜೆ ಕೊಟ್ಟಿದ್ದೆ. ಅದು ಗುಂಡಗೆ ಇರುವುದರಿಂದ ನೇರ ಕೂರುವುದಿಲ್ಲ. ಒಂದು ಕಡೆಗೆ ವಾಲಿದರೆ ಪನೀರ್ ಆ ಕಡೆ ತೆಳ್ಳಗೆ, ಈ ಕಡೆ ದಪ್ಪ. ನೀರಿಗಿಂತ ಒಳ್ಳೆಯ ತೂಕದ ಬಟ್ಟು ಇಲ್ಲ, ಮಕ್ಕಳೇ. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ. ಅರ್ಧ ಕಿಲೋ ತೂಗುವ ಅಗಲ ತಳದ ಪಾತ್ರೆಗೆ ಒಂದು ಲೀಟರ್ ನೀರು ಹಾಕಿದೆವು, ಒಂದೂವರೆ ಕಿಲೋ ಆಯಿತು. ಒಂದು ಕಿಲೋ ತೂಗುವ ದೊಡ್ಡ ಪಾತ್ರೆಗೆ ಮೂರು ಲೀಟರ್ ನೀರು ಸುರಿದರೆ ನಾಲ್ಕು ಕಿಲೋ.

ಅಜ್ಜಿಯ ಪಾಲಿಗೆ ಒಂದೂವರೆ ಕಿಲೋ, ಇಪ್ಪತ್ತು ನಿಮಿಷ. ಅಷ್ಟೇ. ಮೊಮ್ಮಗಳ ಪಾಲಿಗೂ ಮೊದಲ ಹತ್ತು ನಿಮಿಷ ಅಷ್ಟೇ ತೂಕದ ಇನ್ನೊಂದು ಪಾತ್ರೆ, ಆಮೇಲೆ ನಾಲ್ಕು ಕಿಲೋ. ಮೊದಲೇ ನಾಲ್ಕು ಕಿಲೋ ಹೇರಿದರೆ ಹೊರಗಿನ ಕಾಳುಗಳು ಒತ್ತಿಕೊಂಡು ಸಿಪ್ಪೆಯಂತೆ ಮುಚ್ಚಿಕೊಳ್ಳುತ್ತವೆ. ಒಳಗಿನ ನೀರಿಗೆ ಹೊರಬರಲು ದಾರಿ ಇರುವುದಿಲ್ಲ. ಮೆತ್ತಗಿನ ಕಾಳು ಬಟ್ಟೆಯ ಕಣ್ಣಿನಿಂದಲೂ ನುಗ್ಗುತ್ತದೆ.

ಒಂದೂವರೆಗೂ ನಾಲ್ಕಕ್ಕೂ ಅಂಥ ದೊಡ್ಡ ವ್ಯತ್ಯಾಸವೇನು ಎಂದು ಮೊಮ್ಮಗಳು ಕೇಳಿದಳು. ಬಿ.ಕಾಂ. ಓದಿದ್ದು ಉಪಯೋಗಕ್ಕೆ ಬಂತು, ಭಾಗಾಕಾರ ಮಾಡಿ ತೋರಿಸಿದೆ. ಅಜ್ಜಿಯ ಚೌಕ ಹತ್ತು ಹತ್ತಲೆ ನೂರು ಚದರ ಸೆಂಟಿಮೀಟರ್. 1,500 ಗ್ರಾಂ ಭಾರವನ್ನು ನೂರಕ್ಕೆ ಹಂಚಿದರೆ ಒಂದೊಂದರ ಮೇಲೆ 15 ಗ್ರಾಂ. ಅವಳ ಚೌಕ ಎಂಟು ಎಂಟಲೆ ಅರವತ್ತನಾಲ್ಕು. 4,000 ಗ್ರಾಂ ಹಂಚಿದರೆ ಒಂದೊಂದರ ಮೇಲೆ 62 ಗ್ರಾಂಗಿಂತ ಸ್ವಲ್ಪ ಹೆಚ್ಚು. ಅಂದರೆ ನಾಲ್ಕು ಪಟ್ಟು! ಸ್ಕೂಲ್ ಬ್ಯಾಗಿನ ಪಟ್ಟಿ ತೆಳ್ಳಗಿದ್ದರೆ ಭುಜ ಕೊರೆಯುತ್ತದೆ, ಅಗಲವಾಗಿದ್ದರೆ ಅದೇ ಪುಸ್ತಕಗಳು ಅಷ್ಟು ಭಾರವೆನಿಸುವುದಿಲ್ಲ. ಇದೂ ಅದೇ. ಭಾರ ಎಷ್ಟು ಎಂಬುದಷ್ಟೇ ಸಾಲದು, ಎಷ್ಟು ಜಾಗದ ಮೇಲೆ ಹರಡಿದೆ ಎಂಬುದನ್ನೂ ನೋಡಬೇಕು.

ಇಪ್ಪತ್ತು ನಿಮಿಷಕ್ಕೆ ಅಜ್ಜಿಯ ಭಾರ ಇಳಿಸಿದೆವು. ತೂಕ 225 ಗ್ರಾಂ. ಬೆರಳಲ್ಲಿ ಒತ್ತಿದರೆ ತಗ್ಗು ಬಿದ್ದು, ನಿಧಾನವಾಗಿ ಮೇಲೆದ್ದಿತು. ಅದೇ ಹೊತ್ತಿಗೆ ತೂಗಿದಾಗ ಮೊಮ್ಮಗಳದು 215 ಗ್ರಾಂ. ಮತ್ತೆ ಭಾರ ಇಟ್ಟು, ಒಂದು ಗಂಟೆಯಾದಾಗ ನೋಡಿದರೆ 198. ಆಗ ಅದನ್ನು ಮಗುಚಿಹಾಕಿದೆವು, ಎರಡು ಮಗ್ಗುಲೂ ಒಂದೇ ಸಮ ಗಟ್ಟಿಯಾಗಲೆಂದು. ಎರಡು ಗಂಟೆಗೆ 190.

ಈ ಲೆಕ್ಕವನ್ನು ನೋಡಿದಾಗ ನನ್ನ ಮೊದಲ ತಪ್ಪು ಅರ್ಥವಾಯಿತು. ಮೊದಲ ಇಪ್ಪತ್ತು ನಿಮಿಷದಲ್ಲೇ 45 ಗ್ರಾಂ ಹೋಗಿದೆ. ಮುಂದಿನ ನಲವತ್ತು ನಿಮಿಷದಲ್ಲಿ 17. ಕೊನೆಯ ಒಂದು ಗಂಟೆಯಲ್ಲಿ ಬರೀ 8. ಕಾಳುಗಳ ನಡುವೆ ಸಡಿಲವಾಗಿ ನಿಂತ ನೀರು ಮೊದಲು ಓಡುತ್ತದೆ. ಆಮೇಲೆ ಕಾಳುಗಳು ಹತ್ತಿರ ಬಂದು ದಾರಿ ಕಿರಿದಾಗುತ್ತದೆ, ಪನೀರೂ ತಣಿದು ಬಿಗಿಯುತ್ತದೆ. ಹಾಗಾಗಿ ಮೃದುವಾದ ಪನೀರ್ ಬೇಕಿದ್ದರೆ ಮೊದಲ ಅರ್ಧ ಗಂಟೆಯಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಗ್ಯಾಸ್ ಪುಸ್ತಕ ಹುಡುಕುತ್ತಾ ಮರೆತು ಕೂತರೆ ಹದ ತಪ್ಪುತ್ತದೆ. ಗಟ್ಟಿ ಪನೀರಿಗೆ ಎರಡು ಗಂಟೆಯ ಮೇಲೆ ಹತ್ತು ನಿಮಿಷ ಆಚೀಚೆ ಆದರೆ ಏನೂ ಆಗದು. ಆರು ಗಂಟೆ ಇಟ್ಟದ್ದರಿಂದ ಅವತ್ತು ನನಗೆ ಸಿಕ್ಕಿದ್ದು ಹುಳಿ ಮಾತ್ರ. ಎರಡು ಗಂಟೆಗಿಂತ ಹೆಚ್ಚು ಒತ್ತಲೇಬೇಕೆಂದರೆ ಭಾರದ ಸಮೇತ ಫ್ರಿಜ್ಜಿನಲ್ಲಿಡಬೇಕು.

ಎರಡನ್ನೂ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟ ಮೇಲೆಯೇ ಕತ್ತರಿಸಿದ್ದು. ತಣ್ಣಗಾದರೆ ಒಳಗಿನ ಬೆಣ್ಣೆಯಂಶ ಗಟ್ಟಿಯಾಗಿ ಅಂಚು ಉದುರುವುದಿಲ್ಲ. ಅಜ್ಜಿಯದನ್ನು ತಣ್ಣೀರಿನ ಬಟ್ಟಲಲ್ಲಿ ಮುಳುಗಿಸಿಟ್ಟೆವು, ಮೊಮ್ಮಗಳದನ್ನು ಒಣ ಬಟ್ಟೆಯಲ್ಲಿ ಸುತ್ತಿ. ಕೆಂಡದ ಮೇಲೆ ಹೋಗುವ ಪನೀರಿಗೆ ನೀರೇ ಶತ್ರು. ಮೇಲಿನ ನೀರೆಲ್ಲ ಆವಿಯಾಗುವ ತನಕ ಅದು ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ಅಷ್ಟರಲ್ಲಿ ಮೆದುವಾದ ತುಂಡು ತನ್ನ ಭಾರಕ್ಕೇ ಸೀಳುತ್ತದೆ. ಹಾಗೆಂದು ಪನೀರ್ ಚೀಸಿನಂತೆ ಕರಗಿ ಹರಿಯುವುದೂ ಇಲ್ಲ. ಬಿಸಿ ಹಾಲಿಗೆ ಹುಳಿ ಬಿದ್ದು ಹೆಪ್ಪುಗಟ್ಟಿದ್ದು ಎಷ್ಟು ಕಾಯಿಸಿದರೂ ಹರಿಯದು. ಆದ್ದರಿಂದಲೇ ಅದನ್ನು ಕೆಂಡದ ಮೇಲೆ ಸುಡಲು ಸಾಧ್ಯ, ಒಳಗಿನ ನೀರನ್ನು ಮೊದಲೇ ತೆಗೆದಿದ್ದರೆ.

ಗಟ್ಟಿ ಪನೀರ್ ಒಂಬತ್ತು ತುಂಡಾಯಿತು. ಮೊಮ್ಮಗಳು ಉಸಿರು ಬಿಗಿಹಿಡಿದು ಕಂಬಿ ಚುಚ್ಚಿದಳು. ಒಂದೂ ಬಿರಿಯಲಿಲ್ಲ. ಕಂಬಿಯನ್ನು ಎತ್ತಿ ಅಲ್ಲಾಡಿಸಿದಳು, ಒಂದೂ ಜಾರಲಿಲ್ಲ. ಕೆಂಡದ ಮೇಲೆ ಮಗ್ಗುಲು ಮಗ್ಗುಲು ತಿರುಗಿಸಿದಾಗ ಕಂಬಿಯ ಜೊತೆ ಪನೀರೂ ತಿರುಗಿತು. ಏಳೆಂಟು ನಿಮಿಷದಲ್ಲಿ ಅಂಚು ಕಂದು, ಒಳಗೆ ಬಿಳುಪು.

“ಹಂಗಾದ್ರೆ ಹುಟ್ಟುಹಬ್ಬಕ್ಕೆ ಮೂರು ಲೀಟರ್ ಹಾಲು ತಗೊಂಡು, ಮೂರನ್ನೂ ಸಾಲಾಗಿಟ್ಟು ಇದೇ ಪಾತ್ರೆ ಇಟ್ರೆ ಆಯ್ತು” ಎಂದಳು. ನಾನು ಪುಸ್ತಕವನ್ನು ಅವಳ ಮುಂದೆ ತಳ್ಳಿದೆ. ಎರಡು ನಿಮಿಷ ಪೆನ್ಸಿಲ್ ಕಚ್ಚಿ, ತಾನೇ ಹೇಳಿದಳು: “ಊಹೂಂ, ಆ ನಾಲ್ಕು ಕಿಲೋ ಮೂರು ಪಾಲಾಗಿ ಹೋಗುತ್ತೆ. ಹನ್ನೆರಡು ಕಿಲೋ ಬೇಕು!” ಹುಟ್ಟುಹಬ್ಬದ ದಿನ ಮೂರು ಚೌಕದ ಮೇಲೆ ಒಂದೇ ಹಲಗೆ, ಅದರ ಮೇಲೆ ಹತ್ತು ಕಿಲೋ ಅಕ್ಕಿಯ ಚೀಲ, ಪಕ್ಕದಲ್ಲಿ ಎರಡು ಕಿಲೋ ಸಕ್ಕರೆ ಏರಿದವು. ಇಪ್ಪತ್ತೇಳು ತುಂಡುಗಳಲ್ಲಿ ಒಂದೂ ಕೆಂಡಕ್ಕೆ ಬೀಳಲಿಲ್ಲ.

ಇನ್ನು ಎಡಗಡೆಯ ಕಲಮು. ಪಾಲಕ್ ಗ್ರೇವಿ ಪೂರ್ತಿ ಆದ ಮೇಲೆ ಮೆತ್ತಗಿನ ತುಂಡುಗಳನ್ನು ಕೊನೆಗೆ ಬಿಟ್ಟು, ಸಣ್ಣ ಉರಿಯಲ್ಲಿ ಮೂರೇ ನಿಮಿಷ ಇಟ್ಟೆ. ಸೌಟು ಆಡಿಸಲಿಲ್ಲ, ಪಾತ್ರೆಯನ್ನೇ ಕಿವಿ ಹಿಡಿದು ಒಮ್ಮೆ ಕುಲುಕಿದೆ. ಮೃದು ಪನೀರನ್ನೂ ಕುದಿಸುತ್ತಾ ಹೋದರೆ ಅದು ಇದ್ದ ನೀರು ಬಿಟ್ಟು ಬಿಗಿಯುತ್ತದೆ. ಆಗ ಭಾರ ಬೇಗ ಇಳಿಸಿದ್ದೂ ದಂಡ. ಅಂಗಡಿಯಿಂದ ತಂದ ಪನೀರ್ ಗಡುಸಾಗಿದ್ದರೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ ಗ್ರೇವಿಗೆ ಹಾಕಬಹುದು. ಕೊಂಚ ಮೆದುವಾಗುತ್ತದೆ. ಆದರೆ ಹಿಂಡಿಹೋದ ನೀರೆಲ್ಲ ಮರಳಿ ಬರುವುದಿಲ್ಲ, ಇಪ್ಪತ್ತು ನಿಮಿಷಕ್ಕೆ ಭಾರ ಇಳಿಸಿದ್ದರ ಹದ ಅದಕ್ಕೆ ಬಾರದು.

ಆ ದಿನ ಊಟಕ್ಕೆ ಕೂತಾಗ ಮನೆಯವರು ಹಲ್ಲಿನ ಡಬ್ಬಿಯನ್ನು ಪಕ್ಕಕ್ಕಿಟ್ಟರು. ನಾನು ನೋಡದವನಂತೆ ನೋಡುತ್ತಿದ್ದೆ. ತುಂಡನ್ನು ನಾಲಗೆಯಿಂದ ಅಂಗುಳಿಗೆ ಒತ್ತಿದರು, ಅಷ್ಟಕ್ಕೇ ಅದು ಬಿಟ್ಟುಕೊಂಡಿತು. ಇನ್ನೊಂದು ತೆಗೆದುಕೊಂಡರು. ನಾನು ಬೇಕೆಂದೇ ನೀರು ತರಲು ಎದ್ದು ಹೋಗಿ ನಿಧಾನವಾಗಿ ಬಂದೆ. ತಟ್ಟೆಯ ಅಂಚು ಖಾಲಿ ಇತ್ತು.

“ಇನ್ನೂ ಇದ್ಯೇನ್ರೀ?” ಎಂದರು.

ಈಗ ವಾರಕ್ಕೆರಡು ದಿನ ನಮ್ಮ ಮನೆಯಲ್ಲಿ ಪನೀರ್. ಮೊನ್ನೆ ತೂಕ ನೋಡಿದಾಗ 51 ಕಿಲೋ ತೋರಿಸಿತು. ಆ ಅಂಕಿಯನ್ನೂ ಅದೇ ಪುಸ್ತಕದಲ್ಲಿ, ಎಡಗಡೆಯಲ್ಲಿ ಬರೆದಿಟ್ಟಿದ್ದೇನೆ. ಭಾರ ಇಟ್ಟ ಕೂಡಲೇ ಮನೆಯವರು ಗೋಡೆ ಗಡಿಯಾರ ಕಾಣುವ ಹಾಗೆ ಕುರ್ಚಿ ತಿರುಗಿಸಿಕೊಂಡು ಕೂರುತ್ತಾರೆ. ಹತ್ತೊಂಬತ್ತನೆಯ ನಿಮಿಷಕ್ಕೆ ಒಳಗಿನಿಂದ ಕೂಗು ಬರುತ್ತದೆ: “ರೀ, ಭಾರ ಇಳಿಸಿ!”